ಒಟಿಪಿ ಹೇಳುವ ಮುನ್ನ

2025ರ ದೀಪಾವಳಿಯ ಹಿಂದಿನ ದಿನ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರ ಮನೆಗೆ ಪಾರ್ಸೆಲ್ ಒಂದು ಬಂತು. ಅವರು ತರಿಸಿಕೊಂಡಿದ್ದು ಮಡಚುವ ಪರದೆಯ ಸ್ಯಾಮ್‌ಸಂಗ್ ಫೋನು. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ಹಣ ಸುಮಾರು 1.87 ಲಕ್ಷ ರೂಪಾಯಿ. ಡಬ್ಬಿ ತೆರೆದಾಗ ಸಿಕ್ಕಿದ್ದು ಚೌಕಾಕಾರದ ಒಂದು ಬಿಳಿ ಟೈಲ್ಸ್ ತುಂಡು. ಸೀಲು ಒಡೆಯುವ ಮೊದಲೇ ಅವರು ಮೊಬೈಲಿನಲ್ಲಿ ಚಿತ್ರೀಕರಣ ಶುರುಮಾಡಿದ್ದರು. ಪೊಲೀಸರಿಗೆ ದೂರು ಕೊಟ್ಟಾಗಲೂ ಕಂಪನಿಯನ್ನು ಕೇಳಿದಾಗಲೂ ತೋರಿಸಲು ಅವರ ಬಳಿ ಆ ವಿಡಿಯೊ ಇತ್ತು. ಕೊನೆಗೆ ಹಣ ಪೂರ್ತಿ ವಾಪಸಾಯಿತೆಂದು ಪತ್ರಿಕೆಗಳು ವರದಿ ಮಾಡಿದವು.

ಇಂಥ ಜಗಳಗಳಲ್ಲಿ ಎದ್ದುನಿಲ್ಲುವ ಪ್ರಶ್ನೆ ಒಂದೇ. ಫೋನು ಮಾಯವಾದದ್ದು ಪಾರ್ಸೆಲ್ ನಿಮ್ಮ ಕೈಗೆ ಬರುವ ಮೊದಲೋ, ಬಂದ ಮೇಲೋ? ಕಂಪನಿಯ ಬಳಿ ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಗೋದಾಮಿನಲ್ಲಿ ಪ್ಯಾಕ್ ಮಾಡಿದ ದಾಖಲೆ, ದಾರಿಯ ಒಂದೊಂದು ಕೇಂದ್ರದಲ್ಲೂ ಸ್ಕ್ಯಾನ್ ಆದ ಸಮಯ, ಕೊನೆಗೆ ನೀವು ಹೇಳಿದ ಒಟಿಪಿ. ಈ ದಾಖಲೆಗಳ ಪ್ರಕಾರ ಪಾರ್ಸೆಲ್ ಸರಿಯಾಗಿ ತಲುಪಿದೆ. ಬಾಯಿಮಾತಿನಲ್ಲಿ ನೀವು ಎಷ್ಟು ಸತ್ಯ ಹೇಳಿದರೂ ಆ ದಾಖಲೆಯ ಎದುರು ಅದು ನಿಲ್ಲುವುದು ಕಷ್ಟ. ಹಾಗಾಗಿ ನಿಮ್ಮದೇ ಒಂದು ದಾಖಲೆ ಬೇಕು, ಮತ್ತು ಅದು ಶುರುವಾಗಬೇಕಾದದ್ದು ಒಟಿಪಿ ಹೇಳುವುದಕ್ಕೆ ಮೊದಲು.

ಬಹಳ ಜನ ತಪ್ಪುವುದು ಈ ಕೊನೆಯ ಮಾತಿನಲ್ಲೇ. ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು ನಂಬರ್ ಕೇಳುತ್ತಾನೆ, ನಾವು ಹೇಳುತ್ತೇವೆ, ಅವನು ಹೋಗುತ್ತಾನೆ. ಪಾರ್ಸೆಲ್ ಸಂಜೆಯವರೆಗೆ ಮೇಜಿನ ಮೇಲೆ ಕೂತಿರುತ್ತದೆ. ಮಕ್ಕಳೆಲ್ಲ ಮನೆಗೆ ಬಂದ ಮೇಲೆ ಸಂಭ್ರಮದಿಂದ ವಿಡಿಯೊ ಮಾಡುತ್ತಾ ಬಿಚ್ಚುತ್ತೇವೆ. ಆ ವಿಡಿಯೊ ಎಷ್ಟೇ ಸ್ಪಷ್ಟವಾಗಿರಲಿ, ಬೆಳಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಡಬ್ಬಿ ಏನಾಗಿತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ. ಒಟಿಪಿ ಎನ್ನುವುದು ಹಿಂದಿನ ಕಾಲದ ರಸೀತಿಯ ಮೇಲಿನ ಸಹಿಯ ಜಾಗದಲ್ಲಿ ಬಂದದ್ದು. ಅದನ್ನು ಹೇಳಿದರೆ ವಸ್ತುವನ್ನು ಸ್ವೀಕರಿಸಿದಂತೆ.

ಈಗ ದುಬಾರಿ ಫೋನುಗಳಿಗೆ ಕೆಲವು ಮಾರಾಟ ತಾಣಗಳು ‘ಓಪನ್ ಬಾಕ್ಸ್ ಡೆಲಿವರಿ’ ಎಂಬ ವ್ಯವಸ್ಥೆ ಇಟ್ಟಿವೆ. ಪಾರ್ಸೆಲ್ ತಂದವರೇ ನಿಮ್ಮ ಎದುರು ಹೊರಗಿನ ಹೊದಿಕೆ ತೆಗೆದು ವಸ್ತುವನ್ನು ತೋರಿಸಬೇಕು, ನೀವು ನೋಡಿ ಒಪ್ಪಿದ ಮೇಲೆ ಒಟಿಪಿ. ಆರ್ಡರ್ ಮಾಡುವಾಗ ಈ ಆಯ್ಕೆ ಇದ್ದರೆ ಖಂಡಿತ ತೆಗೆದುಕೊಳ್ಳಿ. ಆದರೆ ಇದರಲ್ಲಿ ಒಂದು ಎಚ್ಚರ ಬೇಕು. ನಿಮ್ಮ ಎದುರೇ ತೆರೆದು ತೋರಿಸಿದ ಮೇಲೆ, ಆಮೇಲೆ ಬಂದು ‘ಚಾರ್ಜರ್ ಕೇಬಲ್ ಇರಲಿಲ್ಲ, ಗಾಜು ಒಡೆದಿತ್ತು’ ಎಂದರೆ ಒಪ್ಪಿಸುವುದು ಇನ್ನೂ ಕಷ್ಟ. ಆದ್ದರಿಂದ ಅಲ್ಲಿಯೂ ಅವಸರ ಮಾಡದೆ, ಚಿತ್ರೀಕರಣ ನಿಲ್ಲಿಸದೆ ನೋಡಬೇಕು.

ಹಲವು ಪಾರ್ಸೆಲ್‌ಗಳಿಗೆ ಈ ಸೌಲಭ್ಯ ಇರುವುದಿಲ್ಲ. ಆಗ ಬಾಗಿಲಲ್ಲಿ ಸಾಮಾನ್ಯವಾಗಿ ನಡೆಯುವ ಮಾತುಕತೆ ಹೀಗಿರುತ್ತದೆ:

“ಸಾರ್, ಒಟಿಪಿ ಹೇಳಿ.”

“ಒಂದು ನಿಮಿಷ ನಿಲ್ಲಪ್ಪ. ಬಾಕ್ಸ್ ಒಂದ್ಸಲ ನೋಡಿಬಿಡ್ತೀನಿ.”

“ಒಟಿಪಿ ಹಾಕದೆ ಓಪನ್ ಮಾಡಂಗಿಲ್ಲ ಸಾರ್.”

“ಓಪನ್ ಮಾಡಲ್ಲ. ಹೊರಗಡೆಯಿಂದ ನೋಡ್ತೀನಿ, ಅಷ್ಟೇ.”

ಹೊರಗಿನಿಂದ ನೋಡುವುದಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ. ಆ ಹುಡುಗನ ಮೇಲೆ ರೇಗಬೇಕಾದ್ದೂ ಇಲ್ಲ. ಒಂದೊಂದು ಪಾರ್ಸೆಲ್‌ಗೆ ಇಷ್ಟು ಎಂದು ದುಡಿಯುವವರೇ ಅವರಲ್ಲಿ ಹೆಚ್ಚು. ಕಳವು ಗೋದಾಮಿನಲ್ಲಿ ಆಗಿರಬಹುದು, ಪಾರ್ಸೆಲ್ ವಿಂಗಡಿಸುವ ಕೇಂದ್ರದಲ್ಲಿ ಆಗಿರಬಹುದು, ಊರಿನ ಹಬ್‌ನಲ್ಲಿ ರಾತ್ರಿ ಕಳೆಯುವಾಗ ಆಗಿರಬಹುದು. ತಂದುಕೊಟ್ಟವನೇ ಕಳ್ಳ ಎಂದು ಹಿಡಿದುಕೊಂಡರೆ ಅವನೂ ಸಹಕರಿಸುವುದಿಲ್ಲ. ಅವನು ಅಲ್ಲೇ ನಿಂತಿರುವುದು ನಿಮಗೆ ಬೇಕು. ವಿಡಿಯೊದಲ್ಲಿ ಅವನ ದನಿ ಕೇಳಿಸಿದರೆ, ಪಾರ್ಸೆಲ್ ಅವನ ಕೈಯಿಂದ ನಿಮ್ಮ ಕೈಗೆ ಬರುವುದು ಕಾಣಿಸಿದರೆ ಸಾಕು. ಮುಖ ಹಿಡಿಯಲೇಬೇಕೆಂದಿಲ್ಲ. ವಿಡಿಯೊ ಮಾಡುತ್ತಿದ್ದೇನೆ ಎಂದು ಮೊದಲೇ ಹೇಳುವುದು ಸೌಜನ್ಯ.

ಆ ಒಂದೆರಡು ನಿಮಿಷದಲ್ಲಿ ನೋಡಬೇಕಾದದ್ದು ಏನು? ಮೊದಲು ಡಬ್ಬಿಯನ್ನು ಮಗುಚಿ ಹಾಕಿ ತಳ ನೋಡಿ. ಲೇಬಲ್ ಇರುವ ಮೇಲ್ಭಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಅದನ್ನು ಹಾಗೇ ಬಿಟ್ಟು ತಳದ ಮಡಿಕೆಯನ್ನು ಬಿಚ್ಚಿ ವಸ್ತು ತೆಗೆಯುವುದು ಸುಲಭ. ರಟ್ಟಿನ ಡಬ್ಬಿಗೆ ಅಂಟಿಸಿದ ಟೇಪನ್ನು ಕಿತ್ತರೆ ರಟ್ಟಿನ ಮೇಲ್ಪದರವೂ ಎದ್ದುಬರುತ್ತದೆ. ಅದೇ ಜಾಗಕ್ಕೆ ಹೊಸ ಟೇಪು ಹಾಕಿದರೆ ಅಡಿಯಲ್ಲಿ ಒರಟು, ತಿಳಿಬಣ್ಣದ ಪಟ್ಟಿ ಕಾಣುತ್ತದೆ. ಕಂಪನಿಯ ಹೆಸರು ಅಚ್ಚಾದ ಟೇಪಿನ ಮೇಲೆ ಅಂಗಡಿಯಲ್ಲಿ ಸಿಗುವ ಸಾದಾ ಪಾರದರ್ಶಕ ಟೇಪು ಬಂದಿದ್ದರೂ ಅನುಮಾನಕ್ಕೆ ಕಾರಣವಿದೆ. ಕೆಲವು ಭದ್ರತಾ ಟೇಪುಗಳನ್ನು ಕಿತ್ತರೆ ‘ವಾಯ್ಡ್’ ಎಂಬ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ, ಮತ್ತೆ ಎಷ್ಟು ಒತ್ತಿದರೂ ಅವು ಮಾಸುವುದಿಲ್ಲ.

ಪ್ಲಾಸ್ಟಿಕ್ ಚೀಲದಲ್ಲಿ ಬಂದಿದ್ದರೆ ಅಂಚುಗಳ ಮೇಲೆ ಬೆರಳಾಡಿಸಿ. ಕಾರ್ಖಾನೆಯಲ್ಲಿ ಬಿಸಿ ಒತ್ತಿ ಮಾಡಿದ ಹೊಲಿಗೆ ನೇರವಾಗಿ, ಒಂದೇ ಅಗಲವಾಗಿ ಇರುತ್ತದೆ. ಕತ್ತರಿಸಿ ಮತ್ತೆ ಅಂಟಿಸಿದ ಅಂಚು ಅಲೆಯಲೆಯಾಗಿ, ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗಿ ಇರುತ್ತದೆ. ಲೇಬಲ್ಲಿನ ಅಡಿಯಲ್ಲಿ ಉದ್ದಕ್ಕೆ ಏನಾದರೂ ಉಬ್ಬು ಸಿಗುತ್ತದೆಯೇ ಎಂದೂ ನೋಡಬೇಕು. ಸೀಳಿದ ಜಾಗವನ್ನು ಲೇಬಲ್ ಅಂಟಿಸಿ ಮುಚ್ಚಲು ಸಾಧ್ಯವಿದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಮೂಲೆ ನಜ್ಜುಗುಜ್ಜಾದ ಮಾತ್ರಕ್ಕೆ ಮೋಸ ಆಗಿದೆ ಎಂದಲ್ಲ. ಲಾರಿಯಲ್ಲಿ ಬಂದ ಡಬ್ಬಿಯ ಮೂಲೆ ಮುರಿದಿರುವುದು ಮಾಮೂಲು. ಗೋದಾಮಿನಲ್ಲೇ ಎರಡು ಸುತ್ತು ಟೇಪು ಹಾಕುವುದೂ ಇದೆ. ನೋಡಬೇಕಾದದ್ದು ಪೆಟ್ಟಿನ ಗುರುತನ್ನಲ್ಲ, ತೆರೆದ ಗುರುತನ್ನು. ಅಂಥ ಗುರುತು ಸ್ಪಷ್ಟವಾಗಿದ್ದರೆ ಒಟಿಪಿ ಹೇಳಬೇಡಿ, ಪಾರ್ಸೆಲ್ ತೆಗೆದುಕೊಳ್ಳಬೇಡಿ. ಡೆಲಿವರಿ ಆ್ಯಪಿನಲ್ಲಿ ‘ಪ್ಯಾಕಿಂಗ್ ಕೆಟ್ಟಿದೆ’ ಎಂಬ ಕಾರಣ ಹಾಕಲು ಹೇಳಿ, ಆ ಕೂಡಲೇ ನಿಮ್ಮ ಕಡೆಯಿಂದಲೂ ಗ್ರಾಹಕ ಸೇವೆಗೆ ಫೋಟೊ ಸಮೇತ ಬರೆದು ಕಳಿಸಿ. ಹಾಗೆ ಮಾಡದಿದ್ದರೆ ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಎಂದು ದಾಖಲಾಗಿ, ಅದೇ ಡಬ್ಬಿ ಮರುದಿನ ಮತ್ತೆ ಬರಬಹುದು.

ತೂಕದ ಬಗ್ಗೆಯೂ ಒಂದು ಮಾತು. ಲೇಬಲ್ಲಿನ ಮೇಲೆ ಕೆಲವೊಮ್ಮೆ ಪಾರ್ಸೆಲ್ಲಿನ ತೂಕ ಇರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅದರ ಮೇಲಿಟ್ಟು ಅಂಕಿ ಕಾಣುವಂತೆ ಚಿತ್ರೀಕರಿಸಿ. ಐಫೋನ್ 16ರ ತೂಕ ಬರೀ 170 ಗ್ರಾಂ. ಒಂದು ದೊಡ್ಡ ಬಟ್ಟೆ ಸೋಪೂ ಸುಮಾರು ಅಷ್ಟೇ ತೂಗುತ್ತದೆ. ಫೋನಿನ ಜಾಗದಲ್ಲಿ ಸೋಪು, ಟೈಲ್ಸ್ ತುಂಡು ಇಡುವುದೇ ಈ ಕಾರಣಕ್ಕೆ. ಆದ್ದರಿಂದ ತೂಕ ಸರಿಯಿದೆ ಎಂದರೆ ಫೋನು ಇದೆ ಎಂದು ಅರ್ಥವಲ್ಲ. ತೂಕ ತಪ್ಪಿದೆ ಎಂದರೆ ಮಾತ್ರ ಅದು ನಿಮ್ಮ ಪರವಾದ ಬಲವಾದ ಸಾಕ್ಷಿ. ಕಂಪನಿಯ ಕೇಂದ್ರಗಳಲ್ಲಿ ದಾಖಲಾದ ತೂಕದ ವಿವರ ಕೊಡಿ ಎಂದು ಆಮೇಲೆ ಕೇಳಲು ಅದು ದಾರಿ ಮಾಡುತ್ತದೆ.

ಇನ್ನು ವಿಡಿಯೊ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ, ಆದರೆ ಎರಡು ಮೊಬೈಲ್ ಬೇಕು. ಒಟಿಪಿ ಬರುವ ಫೋನಿನಲ್ಲೇ ಚಿತ್ರೀಕರಿಸಲು ಹೋದರೆ ಸಂದೇಶ ನೋಡಲು ರೆಕಾರ್ಡಿಂಗ್ ಬಿಟ್ಟು ಹೊರಬರಬೇಕಾಗುತ್ತದೆ, ಯಾರದಾದರೂ ಕರೆ ಬಂದರೂ ರೆಕಾರ್ಡಿಂಗ್ ತುಂಡಾಗಬಹುದು. ಮನೆಯ ಇನ್ನೊಬ್ಬರ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅದರಲ್ಲಿ ಮಾಡುವುದು ಒಳ್ಳೆಯದು. 1080ಪಿ ಗುಣಮಟ್ಟ ಧಾರಾಳ ಸಾಕು. ಐದಾರು ನಿಮಿಷಕ್ಕೆ ಕೆಲವು ನೂರು ಎಂಬಿ ಜಾಗ ಹಿಡಿಯುವುದರಿಂದ ಮೊದಲೇ ಖಾಲಿ ಜಾಗ ನೋಡಿಕೊಳ್ಳಿ. ಹಿಡಿಯಲು ಇನ್ನೊಬ್ಬರಿದ್ದರೆ ಚೆನ್ನ. ಒಬ್ಬರೇ ಇದ್ದರೆ ಡಬ್ಬಗಳ ಮೇಲೆ ಒರಗಿಸಿ, ಪಾರ್ಸೆಲ್ಲೂ ನಿಮ್ಮ ಎರಡೂ ಕೈಗಳೂ ಚೌಕಟ್ಟಿನಿಂದ ಆಚೆ ಹೋಗದಂತೆ ನೋಡಿಕೊಳ್ಳಿ.

ಪಾರ್ಸೆಲ್ ಒಂದು ಕ್ಷಣವೂ ಕಣ್ಮರೆಯಾಗಬಾರದು, ವಿಡಿಯೊ ಎಲ್ಲೂ ತುಂಡಾಗಬಾರದು. ಕತ್ತರಿ ತರಲು ಎದ್ದುಹೋದ ಹತ್ತು ಸೆಕೆಂಡು ಮುಂದೆ ಎದುರಿನವರ ಮುಖ್ಯ ವಾದವಾಗುತ್ತದೆ. ಆದ್ದರಿಂದ ಬ್ಲೇಡು ಮೊದಲೇ ಪಕ್ಕದಲ್ಲಿರಲಿ.

70 ಸಾವಿರ ರೂಪಾಯಿಯ ಒಂದು ಫೋನು ಬಂದಿದೆ ಎಂದುಕೊಳ್ಳೋಣ. ಬಾಗಿಲಿನ ಬೆಳಕಿನಲ್ಲಿ, ಬೆಳಕಿಗೆ ಬೆನ್ನು ಹಾಕಿ ರೆಕಾರ್ಡಿಂಗ್ ಶುರುಮಾಡುತ್ತೀರಿ. ಒಟಿಪಿ ಇರುವ ಫೋನಿನ ಪರದೆಯಲ್ಲಿ ಆರ್ಡರಿನ ಪುಟ ತೆರೆದು, ಆರ್ಡರ್ ಸಂಖ್ಯೆ, ದಿನಾಂಕ, ಗಡಿಯಾರ ಕಾಣುವಂತೆ ಒಮ್ಮೆ ತೋರಿಸುತ್ತೀರಿ. ಪಾರ್ಸೆಲ್ ಕೈಗೆ ಬರುತ್ತದೆ. ಲೇಬಲ್ಲನ್ನು ಕ್ಯಾಮೆರಾದಿಂದ ಒಂದು ಗೇಣು ದೂರ ಹಿಡಿದು, ಅಕ್ಷರ ನಿಚ್ಚಳವಾಗುವವರೆಗೆ ಮೂರು ಸೆಕೆಂಡು ಅಲ್ಲಾಡಿಸದೆ ಇಡುತ್ತೀರಿ. ಕೊರಿಯರ್ ಸಂಖ್ಯೆಯನ್ನು ಬಾಯಲ್ಲೂ ಓದುತ್ತೀರಿ, ಲೇಬಲ್ ಮೇಲೆ ಬೆಳಕು ಹೊಳೆದು ಮಸುಕಾದರೂ ದನಿ ಉಳಿಯುತ್ತದೆ. ಆಮೇಲೆ ಆರೂ ಮಗ್ಗುಲು, ನಿಧಾನವಾಗಿ. ಎಲ್ಲ ಸರಿಯಿದ್ದರೆ ಒಟಿಪಿ ಹೇಳುತ್ತೀರಿ. ರೆಕಾರ್ಡಿಂಗ್ ನಿಲ್ಲಿಸುವುದಿಲ್ಲ, ಬಾಗಿಲಿನಿಂದ ಕದಲುವುದೂ ಇಲ್ಲ. “ಒಂದೇ ನಿಮಿಷ ಇರಪ್ಪ” ಎಂದರೆ ಹುಡುಗ ಸಾಮಾನ್ಯವಾಗಿ ನಿಲ್ಲುತ್ತಾನೆ. ನಿಲ್ಲದೆ ಹೋದರೂ ಅವನು ಹೋದ ಕ್ಷಣ ನಿಮ್ಮ ವಿಡಿಯೊದಲ್ಲಿದೆ, ಪಾರ್ಸೆಲ್ ಇನ್ನೂ ಮುಚ್ಚಿಯೇ ಇರುವುದೂ ಇದೆ.

ಹೊರಗಿನ ಹೊದಿಕೆಯನ್ನು ಒಂದೇ ಕಡೆ ಕೊಯ್ಯುತ್ತೀರಿ. ಲೇಬಲ್ಲಿಗೂ ಉಳಿದ ಟೇಪಿಗೂ ಬ್ಲೇಡು ತಾಗಿಸುವುದಿಲ್ಲ, ಅವು ಮುಂದೆ ಬೇಕು. ಬಿಲ್ಲು ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಇರುತ್ತದೆ. ಜಗತ್ತಿನಲ್ಲಿ ಎರಡು ಫೋನುಗಳಿಗೆ ಒಂದೇ ಐಎಂಇಐ ಇರಬಾರದು ಎಂಬುದು ನಿಯಮ. ಅದೇ ಸಂಖ್ಯೆ ಫೋನಿನ ಒಳಡಬ್ಬಿಯ ಮೇಲಿನ ಚೀಟಿಯಲ್ಲೂ ಇರಬೇಕು. ಎರಡನ್ನೂ ಅಕ್ಕಪಕ್ಕ ಹಿಡಿದು ಕ್ಯಾಮೆರಾಕ್ಕೆ ತೋರಿಸಿ ಕೊನೆಯ ಆರು ಅಂಕಿ ಓದುತ್ತೀರಿ.

ಒಳಡಬ್ಬಿಯನ್ನು ಆತುರದಲ್ಲಿ ತೆರೆಯಬೇಡಿ, ಜಾಣ ಕಳ್ಳತನದ ಗುರುತು ಇರುವುದು ಇಲ್ಲೇ. ಆ್ಯಪಲ್ ಕಂಪನಿ 2021ರ ಐಫೋನ್ 13ರಿಂದ ಡಬ್ಬಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವುದನ್ನು ಬಿಟ್ಟು, ಎಳೆದು ಹರಿಯುವ ಎರಡು ಕಾಗದದ ಪಟ್ಟಿ ಅಂಟಿಸುತ್ತಿದೆ. ಹೊಸ ಐಫೋನ್ ಡಬ್ಬಿಗೆ ಫಳಫಳಿಸುವ ಪ್ಲಾಸ್ಟಿಕ್ ಸುತ್ತಿದ್ದರೆ ಅದನ್ನು ಸುತ್ತಿದ್ದು ಬೇರೆ ಯಾರೋ ಎಂದೇ ತಿಳಿಯಬೇಕು. ಬೇರೆ ಹಲವು ಕಂಪನಿಗಳ ಡಬ್ಬಿಗಳಲ್ಲಿ ಮುಚ್ಚಳ ಕೂಡುವ ಕಡೆ ಸಣ್ಣ ಸೀಲು ಚೀಟಿಗಳಿರುತ್ತವೆ. ಕೂದಲು ಒಣಗಿಸುವ ಯಂತ್ರದ ಬಿಸಿಗೆ ಇಂಥ ಅಂಟು ಮೆತ್ತಗಾಗುತ್ತದೆ. ಹಾಗೆ ಬಿಡಿಸಿ ಮತ್ತೆ ಅಂಟಿಸಿದ ಚೀಟಿಯ ತುದಿ ಸುರುಳಿಯಾಗಿರುತ್ತದೆ, ಅಂಚಿನಲ್ಲಿ ಧೂಳು ಹಿಡಿದ ಅಂಟು ಕಾಣುತ್ತದೆ, ಕೆಲವೊಮ್ಮೆ ಹಳೆಯ ಗುರುತಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಮುಚ್ಚಳದ ಗೀರಿನುದ್ದಕ್ಕೆ ತೆಳು ಬ್ಲೇಡಿನಿಂದ ಕೊಯ್ದಿದ್ದರೆ ಮೇಲಿನಿಂದ ನೋಡಿದಾಗ ಸೀಲು ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಉಗುರಿನಿಂದ ಮೆಲ್ಲನೆ ಎತ್ತಿದರೆ ಮಾತ್ರ ಎರಡು ತುಂಡಾಗಿರುವುದು ತಿಳಿಯುತ್ತದೆ.

ಸೀಲು ಒಡೆದು ಮುಚ್ಚಳ ತೆಗೆಯುತ್ತೀರಿ. ಫೋನೇ ಇದೆ. ಇಲ್ಲಿಗೆ ಬಹುತೇಕರ ವಿಡಿಯೊ ಮುಗಿಯುತ್ತದೆ. ಮುಗಿಸಬಾರದು. ಡಬ್ಬಿಯಲ್ಲಿ ಬಂದದ್ದು ಅದೇ ಮಾದರಿಯ ಬೇರೊಂದು, ಬಳಸಿದ ಫೋನು ಆಗಿರಬಹುದು. ಫೋನನ್ನು ಆನ್ ಮಾಡಿ. ಐಫೋನಿನಲ್ಲಿ ಸ್ವಾಗತದ ಪರದೆ ದಾಟಿದ ಮೇಲೆ ಮೂಲೆಯಲ್ಲಿ ಕಾಣುವ ಸಣ್ಣ i ಗುರುತನ್ನು ಒತ್ತಿದರೆ ಐಎಂಇಐ ತೋರಿಸುತ್ತದೆ. ಬೇರೆ ಫೋನುಗಳಲ್ಲಿ ತುರ್ತು ಕರೆಯ ಪರದೆಗೋ ಡಯಲ್ ಮಾಡುವ ಜಾಗಕ್ಕೋ ಹೋಗಿ ಇದನ್ನು ಒತ್ತಿ:

```
*#06#
```

ಎರಡು ಸಿಮ್ ಹಾಕುವ ಫೋನಾದರೆ ಎರಡು ಸಂಖ್ಯೆ ಬರುತ್ತವೆ, ಬಿಲ್ಲಿನಲ್ಲಿ ಮೊದಲನೆಯದು ಮಾತ್ರ ಇದ್ದರೆ ಗಾಬರಿ ಬೇಡ. ಬಿಲ್ಲು, ಡಬ್ಬಿ, ಪರದೆ ಈ ಮೂರರಲ್ಲೂ ಒಂದೇ ಸಂಖ್ಯೆ ಇದ್ದರೆ ಫೋನು ನೀವು ಹಣ ಕೊಟ್ಟದ್ದೇ. ಬಿಲ್ಲಿಗೂ ಡಬ್ಬಿಗೂ ತಾಳೆಯಾಗಿ ಪರದೆಯಲ್ಲಿ ಬೇರೆ ಬಂದರೆ ಡಬ್ಬಿಯೊಳಗಿನ ಫೋನನ್ನು ಬದಲಿಸಲಾಗಿದೆ. ಇನ್ನೂ ಖಾತ್ರಿ ಬೇಕಾದರೆ KYM ಎಂದು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ಈ ಸೇವೆ ಆ ಸಂಖ್ಯೆ ಯಾವ ಕಂಪನಿಯ ಯಾವ ಮಾದರಿಗೆ ಸೇರಿದ್ದು ಎಂದು ತಿಳಿಸುತ್ತದೆ.

ಈಗ ಕಥೆಯ ಇನ್ನೊಂದು ಕವಲನ್ನು ನೋಡೋಣ. ಮುಚ್ಚಳ ತೆಗೆದಾಗ ಸೋಪು ಇದೆ. ಆಗ ಮೊದಲು ಮಾಡಬೇಕಾದದ್ದು ರೆಕಾರ್ಡಿಂಗ್ ನಿಲ್ಲಿಸದೇ ಇರುವುದು. ಸಿಕ್ಕಿದ ವಸ್ತು, ಖಾಲಿ ಡಬ್ಬಿ, ಟೇಪಿನ ತುಂಡು, ಲೇಬಲ್ ಎಲ್ಲವನ್ನೂ ಒಟ್ಟಿಗೆ ಇಟ್ಟು ತೋರಿಸಿ, ತಕ್ಕಡಿಯಲ್ಲಿಟ್ಟು ತೂಗಿ. ಒಂದನ್ನೂ ಎಸೆಯಬೇಡಿ. ಅದೇ ದಿನ ದೂರು ದಾಖಲಿಸಿ. ದೂರು ಹಾಕುವಾಗ ಒಂದು ತೊಡಕು ಎದುರಾಗುತ್ತದೆ. ಆ್ಯಪಿನಲ್ಲಿ ಎಲ್ಲರ ಬೆರಳೂ ಮೊದಲು ಹೋಗುವುದು ‘ರಿಟರ್ನ್’ ಎಂಬಲ್ಲಿಗೆ. ಅದನ್ನು ಒತ್ತಿದರೆ ಎರಡು ದಿನದಲ್ಲಿ ಒಬ್ಬರು ಫೋನು ವಾಪಸ್ ಒಯ್ಯಲು ಬರುತ್ತಾರೆ. ಅವರ ಬಳಿ ಇರುವ ಪಟ್ಟಿಯಲ್ಲಿ ಫೋನಿನ ಐಎಂಇಐ ಇದೆ, ನಿಮ್ಮ ಕೈಯಲ್ಲಿರುವುದು ಸೋಪು. ತಾಳೆಯಾಗದೆ ರಿಟರ್ನ್ ತಿರಸ್ಕಾರವಾಗುತ್ತದೆ, ಆ ತಿರಸ್ಕಾರವೇ ನಿಮ್ಮ ವಿರುದ್ಧದ ದಾಖಲೆಯಾಗಿ ಉಳಿಯುತ್ತದೆ. ಅದಕ್ಕೇ ‘ಬೇರೆ ವಸ್ತು ಬಂದಿದೆ’ ಅಥವಾ ‘ಡಬ್ಬಿ ಖಾಲಿ ಇತ್ತು’ ಎಂಬ ಕಾರಣವನ್ನೇ ಆರಿಸಿ, ನಡೆದದ್ದನ್ನು ಬರಹದಲ್ಲಿ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಫೋನಿನಲ್ಲಿ ಎಷ್ಟೇ ಹೊತ್ತು ಮಾತಾಡಿದರೂ ಬರಹ ಇರಲಿ.

2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಪ್ರತಿ ಮಾರಾಟ ತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅವರ ಇಮೇಲ್ ತಾಣದ ಪುಟದಲ್ಲೇ ಇರುತ್ತದೆ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿಗೂ ತಕರಾರು ಬರೆದುಕೊಡಿ, ಅದಕ್ಕೆ ಗಡುವು ಇರುವುದರಿಂದ ಕಂಪನಿಯ ಉತ್ತರಕ್ಕೆ ಕಾಯಬೇಡಿ.

ಪೊಲೀಸ್ ದೂರು ಬೇಕೇ ಎಂದು ಹಲವರು ಕೇಳುತ್ತಾರೆ. ಬೇಕು ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಐಎಂಇಐ. ನಿಮ್ಮ ಡಬ್ಬಿಯಿಂದ ಹೋದ ಫೋನು ಎಲ್ಲೋ ಒಂದು ಕಡೆ ಇದೆ, ಅದರ ಸಂಖ್ಯೆ ನಿಮ್ಮ ಬಿಲ್ಲಿನಲ್ಲಿದೆ. 2023ರ ಮೇ ತಿಂಗಳಿಂದ ದೇಶದಾದ್ಯಂತ ಬಳಕೆಗೆ ಬಂದ ಸಂಚಾರ್ ಸಾಥಿ ತಾಣದಲ್ಲಿ (sancharsaathi.gov.in) ಕಳವಾದ ಫೋನಿನ ಸಂಖ್ಯೆಯನ್ನು ಎಲ್ಲ ಮೊಬೈಲ್ ಜಾಲಗಳಲ್ಲೂ ತಡೆಹಿಡಿಯಲು ಕೋರಬಹುದು. ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು. ಯಾರೋ ಅದರಲ್ಲಿ ಸಿಮ್ ಹಾಕಿದ್ದು ಪತ್ತೆಯಾದರೆ, ಕಳವು ಯಾವ ಹಂತದಲ್ಲಿ ಆಯಿತು ಎಂಬುದರ ಎಳೆ ಸಿಗುವ ಸಾಧ್ಯತೆ ಇದೆ.

ಕಂಪನಿ ಕೈಚೆಲ್ಲಿದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಯಾವ ರಾಜ್ಯದಲ್ಲಿದ್ದರೂ ಕಲಬುರಗಿಯವರು ಕಲಬುರಗಿಯಲ್ಲೇ ಹೋರಾಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ.

ಅಲ್ಲಿ ವಿಡಿಯೊ ಸಾಕ್ಷಿಯಾಗಬೇಕಾದರೆ ಮೂಲ ಕಡತ ಉಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೇಳುತ್ತದೆ. ಯಾವ ಸಾಧನದಲ್ಲಿ ದಾಖಲಾಯಿತು ಎಂಬ ವಿವರದ ಜೊತೆಗೆ ಕಡತದ ‘ಹ್ಯಾಶ್’ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂದರೆ ಆ ಕಡತದ ಬೆರಳಚ್ಚು. ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. ವಿಡಿಯೊವನ್ನು ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಗಾತ್ರ ಕುಗ್ಗಿಸಿ ಹೊಸ ಕಡತವನ್ನೇ ಮಾಡಿಬಿಡುತ್ತದೆ. ಹೀಗಾಗಿ ಕಂಪನಿಗೆ ಪ್ರತಿ ಕಳಿಸಿ, ಮೂಲವನ್ನು ಕತ್ತರಿಸದೆ, ತಲೆಬರಹ ಸೇರಿಸದೆ, ಚಿತ್ರೀಕರಿಸಿದ ಫೋನಿನಲ್ಲೇ ಬಿಡಿ. ಪೆನ್‌ಡ್ರೈವಿಗೆ ಕೇಬಲ್ ಮೂಲಕ ಇನ್ನೊಂದು ನಕಲು ಮಾಡಿ. ಸ್ಟೇಟಸ್‌ಗೆ ಹಾಕಬೇಡಿ, ನಿಮ್ಮ ವಿಳಾಸ, ಫೋನ್ ನಂಬರ್, ಐಎಂಇಐ ಎಲ್ಲವೂ ಅದರಲ್ಲಿವೆ.

ಗ್ರಾಹಕ ಆಯೋಗಕ್ಕೆ ಹೋಗಲು ಇರುವ ಗಡುವು, ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷ. ವಿಡಿಯೊ ಉಳಿದಿದ್ದು ಲೇಬಲ್ ಅಂಟಿದ ರಟ್ಟಿನ ಡಬ್ಬಿ ರದ್ದಿಗೆ ಹೋದರೆ ಟೇಪಿನ ಗುರುತು ಪರಿಶೀಲಿಸಲು ಏನೂ ಉಳಿಯುವುದಿಲ್ಲ. ಜಗಳ ಮುಗಿಯುವವರೆಗೆ ಅದನ್ನೂ ಆ ಸೋಪನ್ನೂ ಒಂದು ಚೀಲಕ್ಕೆ ಹಾಕಿ, ಬಿಲ್ಲಿನ ಪ್ರತಿಯೊಂದಿಗೆ ಅಟ್ಟದ ಮೇಲೆ ಎತ್ತಿಡಿ.